ಗುರುಗಳ ಮೇಲ್ ಬಂದೈತಿ, ಲೇಖನ ಬಂದಿಲ್ಲ. ಎರಡನೇ ಸಲ ಹೆಂಗ ಹೇಳೋದು?

ಎಡದಂಡೆ_ಗಂಗಾವತಿ · ಸೋಮವಾರ ರಾತ್ರಿ 9:40

ಎಲ್ರಿಗೂ ನಮಸ್ಕಾರ್ರಿ. ಕೇಳಾಕ ಸಣ್ಣ ವಿಷಯ, ಆದ್ರ ನಾಕು ದಿನದಿಂದ ನನಗ ಇದರದ್ದೇ ಚಿಂತಿ ಹತ್ತೈತಿ.

ನಮ್ಮ ಹೈಸ್ಕೂಲಿಗೆ ಐವತ್ತು ವರ್ಷ ತುಂಬತಾವ. ಹಳೇ ವಿದ್ಯಾರ್ಥಿಗಳು ಸೇರಿ ಸ್ಮರಣ ಸಂಚಿಕೆ ತರಾಕತ್ತೀವಿ. ಲೇಖನ ಕೂಡಿಸೋ ಕೆಲಸ ನಾಲ್ಕು ಮಂದಿ ಮ್ಯಾಲೆ ಬಿದ್ದೈತಿ, ಅದರಾಗ ನಾನೂ ಒಬ್ಬ. ನಮಗ ಕನ್ನಡ ಕಲಿಸಿದ ಮಾಸ್ತರ್ರಿಗೆ ಈಗ 78 ವರ್ಷ. ತುಂಗಭದ್ರಾ ಎಡದಂಡೆ ಕಾಲುವಿ ನೀರು ಬಂದ ಮ್ಯಾಲೆ ಜ್ವಾಳದ ಊರು ಹೆಂಗ ಭತ್ತದ ಊರಾತು ಅಂತ ಬರದು ಕೊಡ್ತೀನಿ ಅಂದಿದ್ರು. ಕೈಲೆ ಬರದು, ಡಿಟಿಪಿ ಅಂಗಡ್ಯಾಗ ಟೈಪ್ ಮಾಡಿಸಿ, ಹೋದ ಗುರುವಾರ ನಮ್ಮ ನಾಲ್ಕೂ ಮಂದಿಗೆ ಮೇಲ್ ಹಾಕ್ಯಾರ. "ಇದರೊಂದಿಗೆ ಲಗತ್ತಿಸಿರುವ ಲೇಖನವನ್ನು ಓದಿ ಅಭಿಪ್ರಾಯ ತಿಳಿಸಿರಿ. ತಿದ್ದುವ ಅಧಿಕಾರ ನಿಮಗಿದೆ" ಅಂತ ಬರದಾರ. ಲಗತ್ತು ಅಂತ ಏನೂ ಇಲ್ಲ. ನಾಲ್ಕೂ ಮಂದಿ ನೋಡಿದ್ವಿ, ಯಾರಿಗೂ ಕಾಣವಲ್ದು.

ಎರಡು ದಿನ ಯಾರೂ ಉತ್ತರ ಬರೀಲಿಲ್ಲ. ಇನ್ನೊಬ್ರು ಬರೀತಾರ ಬಿಡು ಅಂತ ಎಲ್ರೂ ಸುಮ್ನ ಇದ್ವಿ, ಇದು ನಮ್ಮ ತಪ್ಪೇ. ಕಡೀಕ ಶನಿವಾರ ನಾನ ಬರದೆ: "ಸರ್, ಅಟ್ಯಾಚ್‌ಮೆಂಟ್ ಬಂದಿಲ್ಲ, ಮತ್ತೊಮ್ಮೆ ಕಳಿಸ್ರಿ." ನಿನ್ನೆ ಉತ್ತರ ಬಂತು: "ಮತ್ತೊಮ್ಮೆ ಕಳಿಸಿರುತ್ತೇನೆ. ಈಗ ತಲುಪಿತೆಂದು ಭಾವಿಸುತ್ತೇನೆ." ಈ ಸಲಾನೂ ಫೈಲ್ ಇಲ್ಲ!

ಈಗ ಮತ್ತ ಹೇಳಬೇಕಂದ್ರ ಕೈ ಓಡವಲ್ದು. ನಾನು ಬರದಿಟ್ಟಿದ್ದು ಇಷ್ಟು: "ಗುರುಗಳೇ, ಈ ಬಾರಿಯೂ ತಾವು ಫೈಲ್ ಲಗತ್ತಿಸುವುದನ್ನು ಮರೆತಿದ್ದೀರಿ. ದಯವಿಟ್ಟು ಪುನಃ ಕಳುಹಿಸಿ." ಇದನ್ನ ಕಳಸಲೋ ಬ್ಯಾಡೋ? 20ನೇ ತಾರೀಖಿಗೆ ಪ್ರೆಸ್ಸಿಗೆ ಕೊಡಬೇಕು.

---

ಮಸ್ಕಿ_ಮಲ್ಲು · 9:46

ಫೋನ್ ಹಚ್ಚಿ ಹೇಳಿಬಿಡ್ರಿ. ಎರಡು ನಿಮಿಷದ ಕೆಲಸ.

---

ಎಡದಂಡೆ_ಗಂಗಾವತಿ · 9:52

ಅವರಿಗೆ ಕಿವಿ ಮಂದ ಆಗ್ಯಾವ್ರಿ. ಫೋನಿನ್ಯಾಗ ಮಾತಾಡಿದ್ರ ಅಮ್ಮಾವ್ರು ನಡುವ ನಿಂತು ಹೇಳಬೇಕು. ಮೇಲ್ ಆದ್ರ ತಾವ ಓದ್ತಾರ, ತಾವ ಬರೀತಾರ, ಅದು ಅವರಿಗೆ ಖುಷಿ. ಅದಕ್ಕ ಬರದೇ ಹೇಳಬೇಕು ಅನ್ನೋದು ನನ್ನ ಆಸೆ.

---

ಲಿಂಗಸುಗೂರು_ಟೀಚರ್ · 10:05

ತಮ್ಮಾ, ಆ "ಮರೆತಿದ್ದೀರಿ" ಅನ್ನೋ ಮಾತನ್ನ ಮೊದಲು ತೆಗಿ. 78 ವರ್ಷದವರಿಗೆ ಮರೆತಿದ್ದೀರಿ ಅಂದ್ರೆ ಅದು ಫೈಲಿನ ಮಾತಾಗಿ ಉಳಿಯೋದಿಲ್ಲ, ವಯಸ್ಸಿನ ಮಾತಾಗ್ತದ. "ಈ ಬಾರಿಯೂ" ಅನ್ನೋದು ಅದರ ಮೇಲೆ ಬರೆ ಹಾಕಿದಂಗ. ನನ್ನ ಅಪ್ಪಾಜಿಗೆ ಬ್ಯಾಂಕಿನವರೊಬ್ಬರು ಹಿಂಗೇ ಅಂದಿದ್ರು. ಅವತ್ತಿನಿಂದ ಅವರು ಒಂದು ಫಾರ್ಮ್ ತುಂಬಬೇಕಾದ್ರೂ ನನ್ನನ್ನ ಕರೀತಿದ್ರು.

ಇನ್ನೊಂದು ವಿಚಾರ ಮಾಡು. ಅವರು ಮರೆತಿದ್ದು ಹೌದೋ ಅಲ್ಲೋ ನಿನಗೇನು ಗೊತ್ತು? ನಿನಗೆ ಗೊತ್ತಿರೋದು ನಿನ್ನ ಕಡೆ ಕಾಣ್ತಾ ಇಲ್ಲ ಅನ್ನೋದು ಒಂದೇ. ಅಷ್ಟನ್ನೇ ಬರಿ.

---

ಸಿರುಗುಪ್ಪ_ವೀರು · 10:11

ಇದಕ್ಕೆ ಇಷ್ಟು ಯೋಚನೆ ಬೇಡ. ಜಿಮೇಲಲ್ಲಿ 25 ಎಂಬಿ ದಾಟಿದ ಫೈಲನ್ನ ಅದೇ ಕಿತ್ತು ಹಾಕುತ್ತೆ, ಮೇಲ್ ಮಾತ್ರ ಬರುತ್ತೆ. ಮಾಸ್ತರರ ಫೈಲ್ ದೊಡ್ಡದಿರಬೇಕು. "ಸರ್ವರ್ ತೊಂದರೆಯಿಂದ ಫೈಲ್ ಬಂದಿಲ್ಲ, ಮತ್ತೆ ಕಳಿಸಿ" ಅಂತ ಬರೀರಿ. ತಪ್ಪು ಸರ್ವರ್ ಮೇಲೆ ಹೋಗುತ್ತೆ, ಯಾರಿಗೂ ಬೇಜಾರಿಲ್ಲ.

---

ರಾಯಚೂರು_ಟಪಾಲು · 10:20

ಫೈಲ್ ಕಾಣ್ತಿಲ್ಲ ಅಂದ್ರೆ ಯಾವ ಶಾಖೆಯಲ್ಲಿ ಐತೋ ಮೊದಲು ಕೇಳಬೇಕ್ರಿ. ಅರ್ಜಿ ನಂಬರ್, ತಾರೀಖು ಹಿಡ್ಕೊಂಡು ಹೋಗಿ ಆವಕ ರಿಜಿಸ್ಟರ್ ತೆಗೆಸಿ ನೋಡ್ರಿ, ಯಾರ ಟೇಬಲ್ಲಿಗೆ ಹೋಗೈತಿ ಅಂತ ಬರದಿರ್ತಾರ. ಅಲ್ಲೂ ಸಿಗಲಿಲ್ಲ ಅಂದ್ರೆ ಮಾಹಿತಿ ಹಕ್ಕಿನಲ್ಲಿ ಹಾಕ್ರಿ.

---

ಮಸ್ಕಿ_ಮಲ್ಲು · 10:22

ಅಣ್ಣಾ, ಇದು ಆಫೀಸಿನ ಫೈಲ್ ಅಲ್ಲ, ಮೇಲಿನ ಫೈಲ್.

---

ಸಂಡೂರು_ನೆಟ್‌ವರ್ಕ್ · 10:48

ಹದಿನಾಲ್ಕು ವರ್ಷದಿಂದ ಕಂಪನಿಯೊಂದರಲ್ಲಿ ಮೇಲ್ ಸರ್ವರ್ ನೋಡಿಕೊಳ್ಳೋದೇ ನನ್ನ ಕೆಲಸ. ವಾರಕ್ಕೆ ಮೂರಾದರೂ ಇಂಥ ದೂರು ಬರ್ತವೆ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ವೀರು, 25 ಎಂಬಿ ಮಿತಿ ಇರೋದು ನಿಜ. ಆದರೆ ದಾಟಿದ ಫೈಲನ್ನ ಜಿಮೇಲ್ ಕಿತ್ತು ಹಾಕಲ್ಲ. ಅದನ್ನ ಡ್ರೈವ್‌ಗೆ ಏರಿಸಿ, ಮೇಲಿನಲ್ಲಿ ಲಿಂಕ್ ಇಡುತ್ತೆ. ಬೇರೆ ಸರ್ವರ್‌ಗಳು ಸಾಮಾನ್ಯವಾಗಿ ಇಡೀ ಮೇಲನ್ನೇ ವಾಪಸ್ ಕಳಿಸ್ತವೆ, ಕಳಿಸಿದವರಿಗೇ ಅದು ಬಂದು ಬೀಳುತ್ತೆ. ಅಲ್ಲದೆ ಟೈಪ್ ಮಾಡಿದ ನಾಲ್ಕು ಪುಟದ ಲೇಖನ ಒಂದು ಎಂಬಿ ಕೂಡ ಆಗಲ್ಲ.

ನಿಮ್ಮ "ಸರ್ವರ್ ತೊಂದರೆ" ಸಲಹೆಗೆ ನನ್ನ ತಕರಾರು ಸುಳ್ಳು ಅನ್ನೋದಕ್ಕಲ್ಲ. ಅದನ್ನ ಓದಿದ ಮಾಸ್ತರರು ಏನು ಮಾಡ್ತಾರೆ? ತಮ್ಮ ಕಡೆ ಎಲ್ಲ ಸರಿ ಇದೆ ಅಂದುಕೊಂಡು, ಹಿಂದೆ ಹೇಗೆ ಕಳಿಸಿದ್ರೋ ಹಾಗೇ ಮೂರನೇ ಸಲ ಕಳಿಸ್ತಾರೆ. ಮೂರನೇ ಸಲವೂ ಬರಲ್ಲ. ಆಗ ನಾಲ್ಕನೇ ಸಲ ಹೇಳೋ ಕಷ್ಟ ಇವರದ್ದೇ.

ಎಡದಂಡೆಯವರೇ, ಎರಡು ಸಲ ಕಳಿಸಿ ಎರಡು ಸಲವೂ ಬಂದಿಲ್ಲ ಅಂದರೆ ಅದು ಮರೆವಲ್ಲ. ಮರೆತವರು ಎರಡನೇ ಸಲ ನೆನಪಿಟ್ಟು ಹಾಕ್ತಾರೆ. ಅವರು ಕಳಿಸೋ ದಾರಿಯಲ್ಲೇ ಏನೋ ಇದೆ, ಮತ್ತು ಅವರ ಕಣ್ಣಿಗೆ ಫೈಲ್ ಕಾಣ್ತಾ ಇದೆ. ಅದು ಏನು ಅಂತ ತಿಳಿಯೋ ತನಕ ಏನನ್ನೂ ಕಳಿಸಬೇಡಿ.

ನಾಳೆ ಕಂಪ್ಯೂಟರಿನಲ್ಲಿ ಜಿಮೇಲ್ ತೆಗೆಯಿರಿ, ಮೊಬೈಲ್ ಆ್ಯಪಿನಲ್ಲಿ ಇದು ಸಿಗಲ್ಲ. ಮಾಸ್ತರರ ಮೇಲ್ ತೆಗೆದು ಬಲಗಡೆ ಮೂರು ಚುಕ್ಕೆ ಒತ್ತಿ, `Show original` ಆರಿಸಿ. ಕಗ್ಗಂಟಿನ ಹಾಗೆ ದೊಡ್ಡ ಪುಟ ಬರುತ್ತೆ, ಹೆದರಬೇಡಿ. Ctrl ಮತ್ತು F ಒತ್ತಿ `filename` ಅಂತ ಹುಡುಕಿ. ಫೈಲ್ ಹೊರಟಿದ್ದರೆ ಸಾಮಾನ್ಯವಾಗಿ ಈ ಥರ ಒಂದು ಸಾಲು ಇರುತ್ತೆ:

```
Content-Disposition: attachment; filename="lekhana.pdf"
```

ಸಾಲು ಇದ್ದೂ ಫೈಲ್ ಕಾಣದಿದ್ದರೆ ತೊಂದರೆ ನಿಮ್ಮ ಕಡೆ. ಸಾಲೇ ಇಲ್ಲದಿದ್ದರೆ ಅವರ ಮೇಲಿನ ಜೊತೆ ಫೈಲ್ ಹೊರಟೇ ಇಲ್ಲ ಅಂತ ಬಹುಮಟ್ಟಿಗೆ ಹೇಳಬಹುದು. ಮೇಲಿನ ಪಠ್ಯದಲ್ಲಿ ಡ್ರೈವ್ ಲಿಂಕ್ ಏನಾದರೂ ಇದೆಯಾ ಅಂತಲೂ ನೋಡಿ.

ಜೊತೆಗೆ ಮೇಲಿನ ವಿಷಯದ ಸಾಲು ಹೇಗೆ ಶುರುವಾಗುತ್ತೆ, ಕೆಳಗೆ ಬೇರೆ ಯಾರದಾದರೂ ಹಳೇ ಮಾತು ಅಂಟಿಕೊಂಡಿದೆಯಾ, ಅದನ್ನೂ ಹೇಳಿ. ನನಗೊಂದು ಅನುಮಾನ ಇದೆ.

---

ಬಳ್ಳಾರಿ_ಬಿಕಾಂ · 11:02

ನಂಗೂ ಹಿಂಗೇ ಆಗಿತ್ತು, ಆದ್ರೆ ಕಳಿಸಿದ್ದು ನಾನು. ಕೆಲಸಕ್ಕೆ ಅರ್ಜಿ ಹಾಕಿದ್ದೆ. ಬಯೋಡಾಟಾ ಲಗತ್ತಿಸಿದೆ ಅಂತ ಬರೆದು ಮೇಲ್ ಮಾತ್ರ ಕಳಿಸಿದ್ದೆ. ಅವ್ರು ಏನೂ ಹೇಳ್ಲಿಲ್ಲ. ಹನ್ನೆರಡು ದಿನ ಆದ್ಮೇಲೆ ನಾನೇ ಕಳಿಸಿದ ಮೇಲ್ ತೆಗೆದು ನೋಡಿದಾಗ ಗೊತ್ತಾಯ್ತು. ಅಷ್ಟ್ರಲ್ಲಿ ಕೊನೇ ದಿನ ಮುಗಿದಿತ್ತು. ಯಾರಾದ್ರೂ ಒರಟಾಗಿ ಆದ್ರೂ ಒಂದು ಸಾಲು ಹೇಳಿದ್ರೆ ಸಾಕಿತ್ತು ಅಂತ ಇವತ್ತಿಗೂ ಅನ್ಸುತ್ತೆ. ನಯವಾಗಿ ಹೇಳೋಕೆ ಪದ ಹುಡುಕ್ತಾ ನಾಲ್ಕು ದಿನ ಕಳೆಯೋದಕ್ಕಿಂತ ಅವತ್ತೇ ಹೇಳೋದು ಒಳ್ಳೇದು ಅಣ್ಣ.

ಇಂಗ್ಲಿಷಿನಲ್ಲಿ "I have attached" ಅಂತ ಬರೆದು ಫೈಲ್ ಹಾಕದೆ ಒತ್ತಿದ್ರೆ ಜಿಮೇಲ್ ತಡೆದು ಕೇಳುತ್ತೆ. ಕನ್ನಡದಲ್ಲಿ ಲಗತ್ತಿಸಿದೆ ಅಂತ ಬರೆದಾಗ ನನ್ನನ್ನ ಕೇಳಲಿಲ್ಲ.

---

ಲಿಂಗಸುಗೂರು_ಟೀಚರ್ · 11:09

ಈ ಹುಡುಗ ಹೇಳಿದ್ದು ಸರಿ. ಬೇಗ ಹೇಳೋದರಲ್ಲೇ ಅರ್ಧ ಮರ್ಯಾದೆ ಇರ್ತದ. ಗುರುವಾರ ಸಂಜೆಯೇ ಹೇಳಿದ್ರೆ ಮಾಸ್ತರರು ಇನ್ನೂ ಕಂಪ್ಯೂಟರ್ ಮುಂದೆ ಇರ್ತಿದ್ರೇನೋ. ಎರಡು ದಿನ ಬಿಟ್ಟು ಹೇಳಿದ್ರೆ, "ಹಂಗಾದ್ರೆ ಎರಡು ದಿನ ಇವರು ನನ್ನ ಲೇಖನ ತೆಗೆದೇ ನೋಡಿಲ್ಲ" ಅಂತ ಅವರಿಗೆ ಅನಿಸ್ತದ. ನಾಲ್ಕು ಮಂದಿಗೆ ಬಂದ ಮೇಲಿಗೆ ಒಬ್ಬರ ಹೆಸರು ಮೊದಲೇ ಗೊತ್ತು ಮಾಡಿಕೊಳ್ರಿ, ಉತ್ತರ ಬರೆಯೋರು ಇವರು ಅಂತ.

---

ರಾಯಚೂರು_ಟಪಾಲು · 11:30

ತಪ್ಪು ತಿಳ್ಕೊಂಡಿದ್ದೆ, ಕ್ಷಮಿಸ್ರಿ. ಈಗ ಪೂರ್ತಿ ಓದಿದೆ.

ಆದ್ರೂ ನಮ್ಮ ಟಪಾಲು ಶಾಖೆಯ ಒಂದು ಪದ್ಧತಿ ಹೇಳ್ತೀನಿ, ಉಪಯೋಗ ಆದೀತು. ಪತ್ರದ ಕೊನೇಗೆ "ಅಡಕ: 2" ಅಂತ ಬರೆಯೋದು ಹಳೇ ರೂಢಿ. ಲಕೋಟೆ ಒಡೆದಾಗ ಮೊದಲು ಅದನ್ನ ಎಣಿಸಬೇಕು. ಕಡಿಮೆ ಇದ್ರೆ ಆ ಕ್ಷಣಕ್ಕೇ ಪತ್ರದ ಮೇಲೆ "ಅಡಕ ಬಂದಿಲ್ಲ" ಅಂತ ಬರೆದು, ತಾರೀಖು ಹಾಕಿ, ಸಹಿ ಮಾಡಬೇಕು. ನೀವು ಕಳಿಸಿಲ್ಲ ಅಂತ ಬರೆಯೋ ಹಂಗಿಲ್ಲ, ಯಾಕಂದ್ರೆ ದಾರಿಯಲ್ಲಿ ಬಿದ್ದಿರಬಹುದು, ನಮ್ಮ ಕೈಯಾಗೇ ಜಾರಿರಬಹುದು. ನನಗೆ ಕೆಲಸ ಕಲಿಸಿದ ಹಿರಿಯರು ಇದನ್ನ ಭಾಳ ಒತ್ತಿ ಹೇಳ್ತಿದ್ರು. ಟೀಚರಮ್ಮ ಹೇಳಿದ್ದೂ ಅದೇ ಮಾತು.

ಹಳೇ ಮಾಸ್ತರರಿಗೆ "ಅಡಕ" ಅನ್ನೋ ಶಬ್ದ ಚೆನ್ನಾಗಿ ಗೊತ್ತಿರ್ತದ. "ಅಟ್ಯಾಚ್‌ಮೆಂಟ್" ಅಂತ ಬರೆಯೋಕಿಂತ ಅದು ಹತ್ತಿರ ಆಗಬಹುದು.

---

ಕುಷ್ಟಗಿ_ಸಾಲ · 11:41

ಒಂದು ಎಚ್ಚರಿಕೆ ಹೇಳಬೇಕು. ಗುರುತಿರೋ ಮಾಸ್ತರರ ಮಾತು ಬೇರೆ. ಗೊತ್ತಿಲ್ಲದವರಿಂದ "ಲಗತ್ತಿಸಿದ ಬಿಲ್ ನೋಡಿ" ಅಂತ ಬಂದು ಫೈಲ್ ಇಲ್ಲ ಅಂದ್ರೆ, ಮತ್ತೆ ಕಳಿಸಿ ಅಂತ ಕೇಳಬೇಡ್ರಿ. ನಮ್ಮ ಬೀಜದ ಅಂಗಡಿಗೆ ಅಂಥದ್ದು ಬಂದಿತ್ತು, ನಮ್ಮ ಹುಡುಗ ಮರ್ಯಾದೆಯಿಂದ ಉತ್ತರ ಬರೆದ. ಆಮೇಲೆ ಬಂದ ಫೈಲ್ ಒತ್ತಿದ ಮೇಲೆ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸಬೇಕಾಯ್ತು.

---

ಎಡದಂಡೆ_ಗಂಗಾವತಿ · ಮಂಗಳವಾರ ಬೆಳಿಗ್ಗೆ 8:15

ಸಂಡೂರಿನವರ ಮಾತಿನಂತೆ ಈಗಷ್ಟೇ ನೋಡಿದೆ. ಎರಡೂ ಮೇಲಿನ್ಯಾಗ `filename` ಅಂತ ಒಂದೂ ಸಿಗಲಿಲ್ಲ. ಡ್ರೈವ್ ಲಿಂಕೂ ಇಲ್ಲ. ವಿಷಯದ ಸಾಲು ಎರಡರಾಗೂ "Re: ತಮ್ಮ ಲೇಖನ ಸಿದ್ಧವಿದೆ" ಅಂತ ಐತಿ. ಕೆಳಗ ಮೂರು ಚುಕ್ಕಿ ಒತ್ತಿದ್ರ ಡಿಟಿಪಿ ಅಂಗಡಿಯವರ ಮಾತು ಬಂತು: "ಸರ್, ಟೈಪ್ ಆಗಿದೆ, ಫೈಲ್ ಕಳಿಸಿದ್ದೇನೆ, ಒಮ್ಮೆ ನೋಡಿ." ಇದು ನಾನು ಗಮನಿಸಿರಲಿಲ್ಲ!

---

ಸಂಡೂರು_ನೆಟ್‌ವರ್ಕ್ · 8:40

ಅನುಮಾನ ನಿಜ ಆಯ್ತು. ಏನಾಗಿದೆ ಅಂದರೆ, ಡಿಟಿಪಿಯವರು ಲೇಖನವನ್ನ ಮಾಸ್ತರರಿಗೆ ಮೇಲ್ ಮಾಡಿದ್ದಾರೆ. ಮಾಸ್ತರರು ಆ ಮೇಲನ್ನೇ ತೆಗೆದು `Reply` ಒತ್ತಿ, ಮೇಲಿದ್ದ ಡಿಟಿಪಿಯವರ ವಿಳಾಸ ಅಳಿಸಿ ನಿಮ್ಮ ನಾಲ್ಕು ಮಂದಿಯದು ಹಾಕಿದ್ದಾರೆ. ರಿಪ್ಲೈ ಮಾಡಿದಾಗ ಹಳೇ ಮಾತು ಕೆಳಗೆ ಅಂಟಿಕೊಂಡು ಬರುತ್ತೆ, ಆದರೆ ಫೈಲ್ ಬರಲ್ಲ. ಫೈಲ್ ಕಳಿಸಿದವರಿಗೇ ಅದನ್ನ ವಾಪಸ್ ಕಳಿಸೋದರಲ್ಲಿ ಅರ್ಥ ಇಲ್ಲ ಅಂತ ಮೊದಲಿನಿಂದ ಹಾಗೆ ಮಾಡಿಟ್ಟಿದ್ದಾರೆ. `Forward` ಒತ್ತಿದರೆ ಮಾತ್ರ ಫೈಲ್ ಜೊತೆಗೆ ಬರೋದು. ಜಿಮೇಲಿನಲ್ಲಿ ಫಾರ್ವರ್ಡ್ ಮಾಡಿದ್ದರೆ ವಿಷಯದ ಸಾಲು `Fwd:` ಅಂತ ಶುರುವಾಗ್ತಿತ್ತು, ಒಳಗೆ `Forwarded message` ಅನ್ನೋ ಸಾಲು ಇರ್ತಿತ್ತು.

ಇನ್ನು ಅವರಿಗೆ ಯಾಕೆ ಗೊತ್ತಾಗ್ಲಿಲ್ಲ ಅನ್ನೋದು ಮುಖ್ಯ. ಒಂದೇ ವಿಷಯದ ಮೇಲುಗಳನ್ನ ಜಿಮೇಲ್ ಒಂದರ ಕೆಳಗೊಂದು ಜೋಡಿಸಿ ತೋರಿಸುತ್ತೆ. ಅವರು ತಾವು ಕಳಿಸಿದ್ದನ್ನ ತೆಗೆದು ನೋಡಿದರೆ ಅದೇ ಪುಟದಲ್ಲಿ ಮೇಲ್ಗಡೆ ಡಿಟಿಪಿಯವರ ಮೇಲ್ ಇರುತ್ತೆ, ಅದರಲ್ಲಿ ಫೈಲ್ ಕೂತಿರುತ್ತೆ. ನೀವು "ಬಂದಿಲ್ಲ" ಅಂದಾಗ ಅವರು ಖಂಡಿತ ತೆಗೆದು ನೋಡಿರ್ತಾರೆ. ಅವರ ಕಣ್ಣೆದುರಿಗೇ ಫೈಲ್ ಇದೆ! ಅಂಥವರಿಗೆ ಮರೆತಿದ್ದೀರಿ ಅಂದರೆ ಹೇಗಿರುತ್ತೆ ಯೋಚನೆ ಮಾಡಿ. ತಮ್ಮ ಕಣ್ಣನ್ನ ನಂಬಬೇಕೋ ಶಿಷ್ಯನ ಮಾತನ್ನೋ ತಿಳಿಯಲ್ಲ.

---

ಸಿರುಗುಪ್ಪ_ವೀರು · 8:52

ಇದು ನಂಗೆ ಗೊತ್ತಿರಲಿಲ್ಲ. ನಾನೂ ಎಷ್ಟೋ ಸಲ ರಿಪ್ಲೈ ಒತ್ತಿ ಬೇರೆಯವರ ವಿಳಾಸ ಹಾಕಿದ್ದೀನಿ. ಆದರೂ ಒಂದು ಮಾತು. 78 ವರ್ಷದವರಿಗೆ ರಿಪ್ಲೈ, ಫಾರ್ವರ್ಡ್ ಪಾಠ ಯಾಕೆ? ಡಿಟಿಪಿ ಅಂಗಡಿ ಗಂಗಾವತಿಯಲ್ಲೇ ಇದೆ ತಾನೇ? ಹೋಗಿ ಪೆನ್‌ಡ್ರೈವಿನಲ್ಲಿ ತಗೊಂಡು ಬನ್ನಿ, ಮುಗೀತು.

---

ಡಿಟಿಪಿ_ಬಸಣ್ಣ_ಕೊಪ್ಪಳ · 9:20

ನಾನು ಅದೇ ಕಸುಬಿನವ, ಅದಕ್ಕ ಹೇಳಾಕತ್ತೀನಿ. ಗಿರಾಕಿ ಕೇಳದ ನಾವು ಅವರ ಬರಹ ಇನ್ನೊಬ್ಬರಿಗೆ ಕೊಡೂದಿಲ್ಲ, ಕೊಡಬಾರದು. ಲಗ್ನಪತ್ರಿಕಿ ಆದ್ರೂ ಅಷ್ಟ, ಲೇಖನ ಆದ್ರೂ ಅಷ್ಟ. ಮಾಸ್ತರ್ರು ಪ್ರೂಫ್ ನೋಡಿ ಏನರ ತಿದ್ದಿಸಿದ್ರ ನಮ್ಮ ಹತ್ರ ಇರೂದು ಹಳೇದಾಗಿರಬಹುದು. ಅದು ಅಚ್ಚಾದ ಮ್ಯಾಲೆ ಬೈಸಿಕೊಳ್ಳೋರು ಯಾರು?

ಮಾಸ್ತರ್ರಿಂದ "ಅವರಿಗೆ ಕೊಡ್ರಿ" ಅಂತ ಒಂದು ಮಾತು ಬಂದ್ರ ಸಾಕು, ಐದು ನಿಮಿಷದಾಗ ನಾವ ಕಳಸ್ತೀವಿ.

---

ಲಿಂಗಸುಗೂರು_ಟೀಚರ್ · 9:34

ವೀರು, ಪಾಠ ಯಾಕೆ ಅಂತ ಕೇಳಿದ್ರಿ. ತಾವೇ ಕಳಿಸಬೇಕು ಅಂತ ಆ ವಯಸ್ಸಿನಲ್ಲಿ ಮೇಲ್ ಕಲಿತವರು ಅವರು. ಅವರನ್ನ ಬದಿಗಿಟ್ಟು ಹಿಂದಿನಿಂದ ಫೈಲ್ ತರಿಸಿಕೊಂಡ್ರೆ ಕೆಲಸ ಆಗ್ತದ, ಆದ್ರೆ ಮುಂದೆ ಅವರು ಮತ್ತೊಬ್ಬರಿಗೆ ಕಳಿಸಿದಾಗಲೂ ಹೀಗೇ ಆಗ್ತದ. ಆಗ ಅವರಿಗೆ ಹೇಳೋರು ಇರ್ತಾರೋ ಇಲ್ಲೋ.

---

ಸಿರುಗುಪ್ಪ_ವೀರು · 9:41

20ನೇ ತಾರೀಖು ಹತ್ತಿರ ಬರ್ತಾ ಇದೆ ಟೀಚರೇ. ಕಲಿಸೋದು ಆಮೇಲೂ ಆಗುತ್ತೆ, ಪ್ರೆಸ್ಸಿನವರು ಕಾಯಲ್ಲ. ನನ್ನ ಅಭಿಪ್ರಾಯ ಅದೇ.

---

ಸಂಡೂರು_ನೆಟ್‌ವರ್ಕ್ · 10:10

ಇಬ್ಬರ ಮಾತಿಗೂ ಜಾಗ ಇರೋ ಹಾಗೆ ಒಂದು ಕರಡು ಬರೆದಿದ್ದೀನಿ. ಭಾಷೆ ಟೀಚರ್ ತಿದ್ದಲಿ.

"ಗುರುಗಳಿಗೆ ನಮಸ್ಕಾರಗಳು. ತಮ್ಮ ಗುರುವಾರದ ಮತ್ತು ಭಾನುವಾರದ ಪತ್ರಗಳೆರಡೂ ತಲುಪಿವೆ, ಓದಿದೆ. ಅವುಗಳ ಜೊತೆಗಿನ ಲೇಖನ ಮಾತ್ರ ನಮ್ಮ ನಾಲ್ವರಿಗೂ ಕಾಣುತ್ತಿಲ್ಲ. ಪರಿಶೀಲಿಸಿದಾಗ ಕಾರಣ ತಿಳಿಯಿತು. ಡಿಟಿಪಿಯವರು ಕಳಿಸಿದ ಪತ್ರಕ್ಕೆ Reply ಒತ್ತಿದರೆ ಬರಹ ಬರುತ್ತದೆ, ಅಡಕ ಬರುವುದಿಲ್ಲ. ತಮ್ಮ ಕಂಪ್ಯೂಟರಿನಲ್ಲಿ ಅದು ಕಾಣುತ್ತಲೇ ಇರುತ್ತದೆ, ಆದ್ದರಿಂದ ಯಾರಿಗೂ ತಿಳಿಯುವುದಿಲ್ಲ. ಡಿಟಿಪಿಯವರ ಪತ್ರವನ್ನು ತೆರೆದು, ಅದರ ಬಲಗಡೆಯ ಮೂರು ಚುಕ್ಕೆ ಒತ್ತಿ, ಅಲ್ಲಿ Forward ಆರಿಸಿ, ನನ್ನೊಬ್ಬನ ವಿಳಾಸ ಹಾಕಿದರೆ ಸಾಕು. ಅನುಕೂಲವಾಗದಿದ್ದರೆ ತಾವು ಒಪ್ಪಿಗೆ ಕೊಟ್ಟರೆ ನಾನೇ ಅಂಗಡಿಯಿಂದ ತರುತ್ತೇನೆ. 20ಕ್ಕೆ ಅಚ್ಚಿಗೆ ಕೊಡಬೇಕಾಗಿದೆ."

ಇದರಲ್ಲಿ ನಾನು ಗಮನ ಇಟ್ಟಿದ್ದು ಒಂದೇ. ಬಂದದ್ದು ಯಾವುದು, ಬಾರದ್ದು ಯಾವುದು ಅಂತ ಬೇರೆ ಬೇರೆ ಹೇಳಬೇಕು. ಬರೀ "ಬಂದಿಲ್ಲ" ಅಂದರೆ ಕೆಲವರು ಪತ್ರವೇ ತಲುಪಿಲ್ಲ ಅಂದುಕೊಂಡು, ವಿಳಾಸ ತಪ್ಪೇನೋ ಅಂತ ಅದನ್ನೇ ತಿದ್ದುತ್ತಾ ಕೂರ್ತಾರೆ.

---

ಲಿಂಗಸುಗೂರು_ಟೀಚರ್ · 10:31

ಚೆನ್ನಾಗಿದೆ. ಎರಡು ಕಡೆ ಬದಲಿಸ್ತೀನಿ. "ಪರಿಶೀಲಿಸಿದಾಗ ಕಾರಣ ತಿಳಿಯಿತು" ಅನ್ನೋದು ತನಿಖಾ ವರದಿ ಥರ ಆಯ್ತು. "ಬಲ್ಲವರೊಬ್ಬರನ್ನು ಕೇಳಿದೆ" ಅಂತ ಬರೆದ್ರೆ, ಶಿಷ್ಯನಿಗೂ ಗೊತ್ತಿರಲಿಲ್ಲ, ಕೇಳಿ ತಿಳಿದುಕೊಂಡ ಅಂತಾಗ್ತದ, ಅದು ನಿಜವೂ ಹೌದು. ಇನ್ನೊಂದು, ಲೇಖನದ ಬಗ್ಗೆ ಒಂದು ಮಾತಿಲ್ಲ. "ಕಾಲುವೆಯ ಲೇಖನಕ್ಕಾಗಿ ಮೊದಲ ಪುಟಗಳನ್ನು ಬಿಟ್ಟು ಕಾಯುತ್ತಿದ್ದೇವೆ" ಅಂತ ಸೇರಿಸು, ನಿಜವಾಗಿ ಬಿಟ್ಟಿದ್ರೆ ಮಾತ್ರ.

ಮತ್ತ ತಮ್ಮಾ, ಇದನ್ನ ಅವರೊಬ್ಬರಿಗೇ ಕಳಿಸು. ಉಳಿದ ಮೂವರಿಗೆ ಪ್ರತಿ ಬೇಡ. ನಾಲ್ಕು ಜನ ಶಿಷ್ಯರ ಮುಂದೆ ತಿದ್ದಿಸಿಕೊಳ್ಳೋದು ಯಾವ ಮಾಸ್ತರರಿಗೂ ಕಷ್ಟ.

---

ಕುಷ್ಟಗಿ_ಸಾಲ · 10:40

ಕರಡು ಉದ್ದ ಆಯ್ತು ಅನಸ್ತೈತಿ. ನಮ್ಮ ಮಾವ ಆದ್ರ ಎರಡನೇ ಸಾಲಿಗೇ ಬಿಡ್ತಾರ.

---

ಎಡದಂಡೆ_ಗಂಗಾವತಿ · 10:55

ನಮ್ಮ ಗುರುಗಳು ಬಿಡೋದಿಲ್ರಿ, ಅಲ್ಪವಿರಾಮ ತಪ್ಪಿದ್ರೂ ಹೇಳ್ತಾರ. ಮೊದಲ ನಾಲ್ಕು ಪುಟ ಅವರಿಗೇ ಅಂತ ಬಿಟ್ಟಿರೋದು ಖರೇನ, ಅದನ್ನೂ ಸೇರಿಸಿದೆ. ಟೀಚರ್ ಹೇಳಿದ ಎರಡೂ ತಿದ್ದಿ ಈಗ ಕಳಿಸಿದೆ, ಅವರೊಬ್ಬರಿಗೇ.

---

ಮಸ್ಕಿ_ಮಲ್ಲು · 11:03

ವಾಟ್ಸಾಪಿನಾಗೂ ಹಿಂಗ ಆಗ್ತೈತಲ್ರಿ? ನಮ್ಮ ಗ್ರೂಪಿನ್ಯಾಗ ಒಬ್ರು "ಮೇಲಿನ ಪಿಡಿಎಫ್ ನೋಡ್ರಿ" ಅಂತಾರ, ಮ್ಯಾಲೆ ಏನೂ ಇರೂದಿಲ್ಲ.

---

ಸಂಡೂರು_ನೆಟ್‌ವರ್ಕ್ · 11:15

ನೀವು ಗ್ರೂಪಿಗೆ ತಡವಾಗಿ ಸೇರಿದ್ದರೆ ಹಿಂದೆ ಬಂದಿದ್ದು ನಿಮಗೆ ಕಾಣದೇ ಇರಬಹುದು. ಅಥವಾ ಅವರ ಫೋನಿನಲ್ಲಿ ಫೈಲಿನ ಪಕ್ಕ ಗಡಿಯಾರದ ಗುರುತು ಇದ್ದು, ಅದು ಇನ್ನೂ ಹೊರಟೇ ಇರಲ್ಲ. ಮಾತು ಹಗುರ, ಮೊದಲು ಬಂದುಬಿಡುತ್ತೆ. ಅಲ್ಲಿಯೂ ಎಲ್ಲರ ಮುಂದೆ ಕೇಳೋಕೆ ಮುಂಚೆ ಪಕ್ಕದವರೊಬ್ಬರ ಫೋನ್ ನೋಡಿ. ಅವರಿಗೆ ಕಂಡರೆ ಕಳಿಸಿದವರನ್ನ ಕೇಳೋ ಅಗತ್ಯವೇ ಇಲ್ಲ.

---

ಎಡದಂಡೆ_ಗಂಗಾವತಿ · ಬುಧವಾರ ಸಂಜೆ 6:25

ಬಂತ್ರಿ!! ಮಧ್ಯಾಹ್ನ 3ಕ್ಕ `Fwd:` ಅಂತ ಮೇಲ್ ಬಂತು, ಜೊತಿಗೆ ಫೈಲ್ ಐತಿ. ಗುರುಗಳು ಬರದಿದ್ದು ಇಲ್ಲಿ ಹಾಕಬಹುದೇನು ಅಂತ ಕೇಳೇ ಹಾಕಾಕತ್ತೀನಿ:

"ನಿನ್ನ ಪತ್ರ ಓದಿ ನಿರಾಳವಾಯಿತು. ನನ್ನ ಪರದೆಯಲ್ಲಿ ಲೇಖನ ಕಾಣುತ್ತಿದ್ದಾಗ ನೀನು ಬಂದಿಲ್ಲವೆಂದು ಬರೆದದ್ದು ನೋಡಿ, ಪ್ರಕಟಿಸಲು ಮನಸ್ಸಿಲ್ಲದೆ ಹೀಗೆ ಹೇಳುತ್ತಿರುವಿರೇನೋ ಎಂದುಕೊಂಡಿದ್ದೆ. ಅಡಕ: 1."

ಇದನ್ನ ಓದಿ ನನಗ ಗಂಟಲು ಕಟ್ಟಿತು. ನನ್ನ ಮೊದಲನೇ ಒಂದು ಸಾಲಿಗೆ ಅವರು ಅಷ್ಟೆಲ್ಲಾ ಅಂದುಕೊಂಡಿರ್ತಾರ ಅಂತ ನನಗ ಹೊಳದೇ ಇರಲಿಲ್ಲ.

ಈಗ ಇನ್ನೊಂದು ತೊಂದರಿ. ಫೈಲ್ ತೆಗದ್ರ ನನ್ನ ಫೋನಿನ್ಯಾಗ ಕನ್ನಡ ಇಲ್ಲ, ಇಂಗ್ಲಿಷ್ ಅಕ್ಷರ, ಚಿಹ್ನಿ ಎಲ್ಲ ಕಲಸಿದಂಗ ಕಾಣತಾವ.

---

ಡಿಟಿಪಿ_ಬಸಣ್ಣ_ಕೊಪ್ಪಳ · 6:33

ಅದು ಹಳೇ ನುಡಿ ಫಾಂಟಿನ್ಯಾಗ ಟೈಪ್ ಮಾಡಿದ್ದು. ಫೈಲ್ ಕೆಟ್ಟಿಲ್ಲ. ನುಡಿ ಹಾಕಿರೋ ಕಂಪ್ಯೂಟರಿನಾಗ ತೆಗದ್ರ ಸರಿಯಾಗಿ ಕಾಣತೈತಿ. ಅಂಗಡಿಯವರಿಗೆ ಹೇಳಿ ಒಂದು ಪಿಡಿಎಫ್ ತಗೊಳ್ರಿ ಓದಾಕ, ಯೂನಿಕೋಡಿಗೆ ಬದಲಿಸಿದ್ದು ಇನ್ನೊಂದು ತಗೊಳ್ರಿ ತಿದ್ದಾಕ. ಬದಲಿಸಿದಾಗ ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಜಾರತಾವ, ಪಿಡಿಎಫ್ ಎದುರಿಗಿಟ್ಟು ಒಂದು ಸಲ ಓದಲೇಬೇಕು.

---

ಲಿಂಗಸುಗೂರು_ಟೀಚರ್ · 6:50

ಈ ಅಕ್ಷರದ ಗೋಜಿಗೆ ಗುರುಗಳನ್ನ ಮತ್ತೆ ಎಳೀಬೇಡ. "ಲೇಖನ ತಲುಪಿತು" ಅಂತ ಇವತ್ತೇ ಬರೆದುಬಿಡು, ಅದು ತಲುಪಿದ್ದು ಸತ್ಯ. ಅಂಗಡಿಗೆ ಹೋಗೋಕೆ ಒಪ್ಪಿಗೆ ಒಂದು ಕೇಳಿಕೋ.

---

ಸಿರುಗುಪ್ಪ_ವೀರು · 6:58

ಕೊನೆಗೂ ಅಂಗಡಿಗೇ ಹೋಗಬೇಕಾಯ್ತು ನೋಡಿ.

---

ಎಡದಂಡೆ_ಗಂಗಾವತಿ · ರಾತ್ರಿ 9:10

ಒಪ್ಪಿಗಿ ಕೊಟ್ಟಾರ. ನಾಳಿ ಬೆಳಿಗ್ಗೆ ಅಂಗಡಿ ತೆಗೆಯೋ ಹೊತ್ತಿಗೆ ಹೋಗ್ತೀನಿ. ಬಸಣ್ಣ, ಬದಲಿಸಿದ ಮ್ಯಾಲೆ ಯಾವ ಯಾವ ಅಕ್ಷರ ಹೆಚ್ಚಾಗಿ ಜಾರತಾವ ಅಂತ ಒಂದಿಷ್ಟು ಬರದು ಹಾಕ್ರಿ, ಗುರುಗಳ ಕಣ್ಣಿಗೆ ಬೀಳೋಕಿಂತ ಮೊದಲು ನಾನು ಹಿಡೀಬೇಕು.